ಎಲೆಯ ಮೇಲಿನ ತುಕ್ಕು, ಚೀಲದ ಮೇಲಿನ ಅಂಕಿ

ಆಗಸ್ಟ್ ಕೊನೆಯ ವಾರ. ಸಿಂಧನೂರು ಕಡೆ ತುಂಗಭದ್ರಾ ಕಾಲುವೆ ನೀರು ಹರಿಯುವ ಒಂದು ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಮೂರು ಎಕರೆ ಎರೆ ಭೂಮಿ, ಬಿಪಿಟಿ ಸೋನಾ ಮಸೂರಿ, ನಾಟಿಯಾಗಿ 22 ದಿನ. ಎರಡು ಎಕರೆ ಪೈರು ತೆಂಡೆ ಒಡೆದು ಕಣ್ತುಂಬ ಹಸಿರಾಗಿತ್ತು. ಕಾಲುವೆ ಪಕ್ಕದ ಒಂದು ಎಕರೆ ಮಾತ್ರ ಕುಳ್ಳಗೆ, ತೇಪೆ ತೇಪೆಯಾಗಿ, ದೂರದಿಂದ ನೋಡಿದರೆ ಮಣ್ಣು ಎರಚಿದಂತೆ ಕಾಣುತ್ತಿತ್ತು.

"ಎರಡ ಸಲ ಯೂರಿಯಾ ಚೆಲ್ಲೀನ್ರಿ ಸರ, ಹಸರ ಆಗವಲ್ದು," ಅಂದರು ಗದ್ದೆಯ ಯಜಮಾನರು. "ಅಂಗಡ್ಯಾಗ ಕೇಳಿದ್ರ ರೋಗ ಅಂತಾರ, ಎಣ್ಣಿ ಹೊಡಿ ಅಂತಾರ. ಏನ್ ಹೊಡೀಲಿ?"

ಎಣ್ಣೆ ಹೊಡೆಯುವ ಮೊದಲು ಎಲೆ ನೋಡೋಣ ಎಂದು ಗದ್ದೆಗಿಳಿದೆವು. ಒಂದು ಗುಣಿಯ ಪೈರನ್ನು ಬೇರುಸಮೇತ ಕಿತ್ತು, ಕೆಸರು ತೊಳೆದು ಅಂಗೈ ಮೇಲೆ ಹರಡಿಕೊಂಡೆ. ಕೆಳಗಿನ ಎರಡು ಮೂರು ಹಳೆಯ ಎಲೆಗಳ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳು. ಕೆಲವು ಕಡೆ ಒಂದಕ್ಕೊಂದು ಕೂಡಿ, ಕಬ್ಬಿಣಕ್ಕೆ ತುಕ್ಕು ಹಿಡಿದ ಬಣ್ಣದ ಮಚ್ಚೆಗಳಾಗಿದ್ದವು. ಆ ಎಲೆಗಳು ಬಲವಿಲ್ಲದೆ ನೀರಿನ ಮೇಲೆ ಮಲಗಿದ್ದವು. ಮೇಲಿನ ಎಳೆಯ ಎಲೆಯನ್ನು ಬಿಡಿಸಿ ನೋಡಿದರೆ ಅದರ ಬುಡದ ಹತ್ತಿರ, ನಡುನರದ ಗುಂಟ ಹಸಿರು ಬಸಿದುಹೋಗಿ ಬೆಳ್ಳಗಾಗಿತ್ತು. ಎಲೆಯ ತುದಿ ಇನ್ನೂ ಹಸಿರು, ಬುಡ ಬಿಳಿ. ಹಳೆಯ ಎಲೆಯಲ್ಲಿ ತುಕ್ಕು, ಎಳೆಯ ಎಲೆಯ ಬುಡದಲ್ಲಿ ಬಿಳುಪು ಎರಡೂ ಒಂದೇ ಗುಣಿಯಲ್ಲಿ, ಅದೂ ನಾಟಿಯಾದ ಎರಡರಿಂದ ನಾಲ್ಕು ವಾರದೊಳಗೆ ಕಂಡರೆ ನನ್ನ ಮೊದಲ ಅನುಮಾನ ಸತುವಿನ ಮೇಲೆ, ಅಂದರೆ ರೈತರು ಜಿಂಕ್ ಎಂದು ಕರೆಯುವ ಪೋಷಕಾಂಶದ ಮೇಲೆ.

ಇದು ರೋಗವೆಂದು ಅಂಗಡಿಯವರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಪ್ರದೇಶದ ತರಾಯಿ ಪ್ರದೇಶದ ರೈತರೂ ಇದನ್ನು ರೋಗವೆಂದೇ ತಿಳಿದು 'ಖೈರಾ' ಎಂದು ಕರೆಯುತ್ತಿದ್ದರು. ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ ಅವರು 1960ರ ದಶಕದ ನಡುವೆ ಅದರ ಬೆನ್ನು ಹತ್ತಿದರು. ಅಲ್ಲಿ ಇದ್ದದ್ದು ಶಿಲೀಂಧ್ರವೂ ಅಲ್ಲ, ವೈರಸ್ಸೂ ಅಲ್ಲ, ಸತುವಿನ ಕೊರತೆ ಎಂದು ಅವರು ತೋರಿಸಿಕೊಟ್ಟರು. ಜಿಂಕ್ ಸಲ್ಫೇಟ್ ಸಿಂಪಡಿಸಿದ ಪೈರು ಚೇತರಿಸಿಕೊಂಡಿತು. ಭತ್ತದ ಗದ್ದೆಯಲ್ಲಿ ಸತುವಿನ ಕೊರತೆ ಹೀಗೆ ಬೆಳಕಿಗೆ ಬಂತು.

ಆದರೆ ಕಂದು ಚುಕ್ಕೆ ಕಂಡಲ್ಲೆಲ್ಲ ಸತುವಿನ ಕೊರತೆ ಎಂದುಬಿಡುವಂತಿಲ್ಲ. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಚುಕ್ಕೆ ಇರುವುದಿಲ್ಲ. ಯೂರಿಯಾ ಕೊಟ್ಟ ವಾರದೊಳಗೆ ಪೈರು ತಿರುಗಿಕೊಳ್ಳುತ್ತದೆ. ಈ ಗದ್ದೆಯಲ್ಲಿ ಎರಡು ಸಲ ಕೊಟ್ಟರೂ ತಿರುಗಲಿಲ್ಲ, ಅದೇ ಒಂದು ಸುಳಿವು. ಕಬ್ಬಿಣದ ಕೊರತೆಯಲ್ಲಿ ಎಳೆಯ ಎಲೆ ಪೂರ್ತಿ ಬಿಳಿಚಿಕೊಳ್ಳುತ್ತದೆ, ತುಕ್ಕಿನ ಮಚ್ಚೆ ಬರುವುದಿಲ್ಲ. ಅದು ಹೆಚ್ಚಾಗಿ ಕಾಣುವುದು ನೀರು ನಿಲ್ಲದ ಸಸಿಮಡಿಯಲ್ಲಿ, ಕೂರಿಗೆ ಭತ್ತದಲ್ಲಿ. ಸತುವಿನ ಕೊರತೆ ನಿಂತ ನೀರಿನ ಗದ್ದೆಯ ಕಾಯಿಲೆ. ಕಂದು ಚುಕ್ಕೆ ರೋಗದ ಚುಕ್ಕೆಗಳು ಎಳ್ಳಿನ ಆಕಾರದಲ್ಲಿ, ನಡುವೆ ಬೂದು ಬಣ್ಣ, ಸುತ್ತ ಹಳದಿ ಅಂಚು ಇಟ್ಟುಕೊಂಡು ಬಿಡಿ ಬಿಡಿಯಾಗಿರುತ್ತವೆ.

ಕರಾವಳಿ, ಮಲೆನಾಡಿನ ಓದುಗರಿಗೆ ಒಂದು ಮಾತು. ನಿಮ್ಮ ಹುಳಿ ಮಣ್ಣಿನ ಬೈಲು ಗದ್ದೆಗಳಲ್ಲಿ ಹೆಚ್ಚುವರಿ ಕಬ್ಬಿಣದ ನಂಜಿನಿಂದಲೂ ಎಲೆ ಕಂದಾಗುತ್ತದೆ. ಅಲ್ಲಿ ಚುಕ್ಕೆಗಳು ಕೆಳಗಿನ ಎಲೆಯ ತುದಿಯಿಂದ ಶುರುವಾಗಿ ಬುಡದ ಕಡೆ ಇಳಿಯುತ್ತವೆ, ಎಳೆಯ ಎಲೆಯ ಬುಡ ಬೆಳ್ಳಗಾಗುವುದಿಲ್ಲ. ಅದಕ್ಕೆ ಮದ್ದೇ ಬೇರೆ.

ಇಷ್ಟಾಗಿಯೂ ಕಣ್ಣು ಮೋಸ ಹೋಗಬಹುದು. ಹಾಗಾಗಿ ಗದ್ದೆಯನ್ನೇ ಕೇಳುವ ಒಂದು ಸುಲಭ ಉಪಾಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೆಟ್ಟ ಭಾಗದ ನಡುವೆ ಒಂದು ಗುಂಟೆ, ಅಂದರೆ ಸುಮಾರು 10 ಮೀಟರ್ ಉದ್ದ 10 ಮೀಟರ್ ಅಗಲದ ಜಾಗಕ್ಕೆ ನಾಲ್ಕು ಮೂಲೆಗೆ ಕೋಲು ನೆಡಬೇಕು. 5 ಲೀಟರ್ ನೀರಿಗೆ 25 ಗ್ರಾಂ ಜಿಂಕ್ ಸಲ್ಫೇಟ್, 12 ಗ್ರಾಂ ಸುಣ್ಣ ಕಲಸಿ ಆ ಒಂದು ಗುಂಟೆಗಷ್ಟೇ ಸಿಂಪಡಿಸಬೇಕು. ಆಮೇಲೆ ಏಳೆಂಟು ದಿನ ಕಾಯಬೇಕು. ನೋಡಬೇಕಾದದ್ದು ಹಳೆಯ ಎಲೆಯನ್ನಲ್ಲ. ತುಕ್ಕು ಹಿಡಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಸಿಂಪಡಿಸಿದ ಮೇಲೆ ಹೊರಟ ಹೊಸ ಎಲೆಯ ಬುಡ ಹಸಿರಾಗಿದ್ದು, ಕೋಲಿನಾಚೆಯ ಹೊಸ ಎಲೆಯ ಬುಡ ಬೆಳ್ಳಗೇ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಆ ಗದ್ದೆಯಲ್ಲಿ ಅವತ್ತೇ ಸಂಜೆ ಇದನ್ನು ಮಾಡಿದೆವು. ಜೊತೆಗೆ ಮಣ್ಣಿನ ಮಾದರಿಯನ್ನೂ ತೆಗೆದೆವು. ಕೆಟ್ಟ ಎಕರೆಯದು ಒಂದು, ಚೆನ್ನಾಗಿರುವ ಎರಡು ಎಕರೆಯದು ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಮಾದರಿ ಮಾಡಿದರೆ ಬರುವ ಸರಾಸರಿ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ. ಒಂದೊಂದು ಭಾಗದಲ್ಲೂ ಹತ್ತು ಹನ್ನೆರಡು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಬೆರೆಸಿದೆವು. ಮಣ್ಣು ತುಂಬಲು ಯಜಮಾನರು ಮನೆಯಿಂದ ತಗಡಿನ ಬಕೆಟ್ ತಂದಿದ್ದರು. ಅದನ್ನು ಬೇಡವೆಂದು ಪ್ಲಾಸ್ಟಿಕ್ ಬುಟ್ಟಿ ತರಿಸಿದೆ. ಬಕೆಟ್ಟಿನ ತಗಡಿಗೆ ತುಕ್ಕು ಹಿಡಿಯದಿರಲೆಂದು ಬಳಿಯುವುದೇ ಸತುವನ್ನು. ಅದರಲ್ಲಿ ಮಣ್ಣು ಕಲಸಿದರೆ ಬಕೆಟ್ಟಿನ ಸತು ಮಣ್ಣಿನ ಲೆಕ್ಕಕ್ಕೆ ಸೇರುತ್ತದೆ. ಕೊರತೆ ಇರುವ ಗದ್ದೆಗೂ 'ಸಾಕಷ್ಟಿದೆ' ಎಂಬ ವರದಿ ಬರುತ್ತದೆ.

ಎಂಟನೆಯ ದಿನ ಯಜಮಾನರ ಫೋನು ಬಂತು. "ಕೋಲ ಹುಗದಿದ್ದ ಜಾಗ ಬದುವಿನ ಮ್ಯಾಲಿಂದನ ಗುರ್ತ ಸಿಗತೈತ್ರಿ ಸರ."

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ನಿಂತಿರುವ ಈ ಪೈರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಒಂದು, ಮುಂದಿನ ಬೆಳೆಗೆ ನೆಲವನ್ನು ಸರಿಪಡಿಸುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಲೆಯ ಮೂಲಕ ಕೊಡುವುದು ದಾರಿ, ಎರಡನೆಯದಕ್ಕೆ ಮಣ್ಣಿನ ಮೂಲಕ.

ನಾಟಿಯಾಗಿ ತಿಂಗಳಾದ ಪೈರಿಗೆ ಕಾಯಲು ಸಮಯವಿಲ್ಲ. ತೆಂಡೆ ಒಡೆಯುವ ಕಾಲ ಮುಗಿದರೆ ಆಮೇಲೆ ಏನು ಕೊಟ್ಟರೂ ತೆಂಡೆಯ ಲೆಕ್ಕ ತುಂಬುವುದಿಲ್ಲ. ಎಕರೆಗೆ 200 ಲೀಟರ್ ನೀರು, ಅದಕ್ಕೆ ಶೇ. 0.5ರ ಲೆಕ್ಕದಲ್ಲಿ 1 ಕಿಲೋ ಜಿಂಕ್ ಸಲ್ಫೇಟ್, ಅರ್ಧ ಕಿಲೋ ಸುಣ್ಣ. 16 ಲೀಟರಿನ ಬೆನ್ನಿನ ಪಂಪಾದರೆ ಒಂದು ಟ್ಯಾಂಕಿಗೆ 80 ಗ್ರಾಂ ಜಿಂಕ್ ಸಲ್ಫೇಟ್, 40 ಗ್ರಾಂ ಸುಣ್ಣ. ಎಕರೆಗೆ ಹನ್ನೆರಡೂವರೆ ಟ್ಯಾಂಕು. ಜಿಂಕ್ ಸಲ್ಫೇಟ್ ದ್ರಾವಣ ಹುಳಿ, ಬರೀ ಅದನ್ನೇ ಹೊಡೆದರೆ ಎಲೆ ಸುಡುತ್ತದೆ. ಆ ಹುಳಿ ಮುರಿಯಲು ಸುಣ್ಣ. ಸುಣ್ಣವನ್ನು ಬೇರೆ ಡಬ್ಬಿಯಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ ಸೇರಿಸಬೇಕು. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ನಾಝಲ್ ಕಟ್ಟಿಕೊಂಡು ಕೂಲಿಯವರು ಕೋಪ ಮಾಡಿಕೊಳ್ಳುತ್ತಾರೆ.

ಪೈರಿಗೆ ಸಾರಜನಕವೂ ಬೇಕಾಗಿದ್ದರೆ ಸುಣ್ಣದ ಬದಲು ಯೂರಿಯಾ ಬಳಸಬಹುದು. 200 ಲೀಟರಿಗೆ 4 ಕಿಲೋ, ಒಂದು ಟ್ಯಾಂಕಿಗೆ 320 ಗ್ರಾಂ. ಈ ಗದ್ದೆಗೆ ಆಗಲೇ ಎರಡು ಸಲ ಯೂರಿಯಾ ಬಿದ್ದಿದ್ದರಿಂದ ಸುಣ್ಣವನ್ನೇ ಆರಿಸಿದೆವು. ಸುಣ್ಣ, ಯೂರಿಯಾ ಎರಡನ್ನೂ ಒಟ್ಟಿಗೆ ಕಲಸಬಾರದು. ಕೂಲಿ ಉಳಿಯುತ್ತದೆಂದು ಈ ಸುಣ್ಣದ ದ್ರಾವಣಕ್ಕೆ ಕೀಟನಾಶಕ ಸುರಿಯುವುದೂ ಬೇಡ. ಸುಣ್ಣದ ಕ್ಷಾರಕ್ಕೆ ಎಷ್ಟೋ ಔಷಧಿಗಳ ಕಸುವು ಹೋಗುತ್ತದೆ.

ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಂದು ಎಲೆಗೆ ಬಿದ್ದ ಸತು ಮುಂದೆ ಹುಟ್ಟುವ ಎಲೆಗಳಿಗೆಲ್ಲ ಸಾಕಾಗುವಷ್ಟು ಹರಿದು ಹೋಗುವುದಿಲ್ಲ. ಹಾಗಾಗಿ 10ರಿಂದ 15 ದಿನದ ಅಂತರದಲ್ಲಿ ಎರಡನೆಯ ಸಲ, ಲಕ್ಷಣ ಉಳಿದಿದ್ದರೆ ಮೂರನೆಯ ಸಲ. ಈ ನಡುವೆ ಕೆಟ್ಟ ಎಕರೆಯ ನೀರನ್ನು ಎರಡು ಮೂರು ದಿನ ಬಸಿದುಬಿಟ್ಟೆವು. ಅದಕ್ಕೂ ಕಾರಣವಿದೆ.

ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಕೆಸರಿನಲ್ಲಿ ಸತು ಗಂಧಕದ ಜೊತೆ ಸೇರಿ, ಸುಣ್ಣದ ಅಂಶಕ್ಕೆ ಅಂಟಿ, ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಕೆಸರಿನಲ್ಲಿ ಹೆಚ್ಚುವ ಬೈಕಾರ್ಬೊನೇಟ್ ಬೇರಿನ ಕೆಲಸಕ್ಕೂ ಅಡ್ಡಬರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಎರೆ ಮಣ್ಣಿನಲ್ಲಿ ಮೊದಲೇ ಸುಣ್ಣಕಲ್ಲಿನ ಹರಳು ಸೇರಿಕೊಂಡಿವೆ, ಪಿಎಚ್ 8 ದಾಟಿರುತ್ತದೆ. ಅದರ ಮೇಲೆ ಮುಂಗಾರಿಗೂ ಭತ್ತ, ಬೇಸಿಗೆಗೂ ಭತ್ತ. ನೆಲ ಆರಿ ಉಸಿರಾಡುವ ದಿನಗಳೇ ಕಡಿಮೆ. ಜೊತೆಗೆ ಎಕರೆಗೆ ಎರಡು ಚೀಲ ಡಿಎಪಿ. ರಂಜಕ ಹೆಚ್ಚಾದಷ್ಟೂ ಪೈರಿಗೆ ಸತು ಸಿಗುವುದು ಕಷ್ಟ. ಕಾಲುವೆ ಪಕ್ಕದ ಆ ಎಕರೆ ಬಸಿನೀರಿನಿಂದ ವರ್ಷವೆಲ್ಲ ಜೌಗು. ಒಂದೇ ಹೊಲದಲ್ಲಿ ಎರಡು ಎಕರೆ ಗೆದ್ದು ಒಂದು ಎಕರೆ ಸೋತದ್ದು ಇದರಿಂದ. ನೀರು ಬಸಿದು ಕೆಸರಿಗೆ ಗಾಳಿ ತಾಕಿಸಿದರೆ ಸಿಕ್ಕಿಬಿದ್ದ ಸತು ಸ್ವಲ್ಪ ಬಿಡುಗಡೆಯಾಗುತ್ತದೆ. ಅದು ತಾತ್ಕಾಲಿಕ ಉಪಶಮನ, ಆದರೆ ಖರ್ಚಿಲ್ಲದ್ದು.

ಮಣ್ಣಿನ ವರದಿ ಬಂದಾಗ ಎರಡನೆಯ ಸಿಂಪಡಣೆ ಮುಗಿದಿತ್ತು. ಕೆಟ್ಟ ಎಕರೆಯಲ್ಲಿ ಪಿಎಚ್ 8.4, ಸತು 0.38 ಪಿಪಿಎಂ. ಚೆನ್ನಾಗಿದ್ದ ಎರಡು ಎಕರೆಯಲ್ಲಿ ಸತು 0.72. ಡಿಟಿಪಿಎ ಎಂಬ ದ್ರಾವಣದಲ್ಲಿ ಮಣ್ಣನ್ನು ಕಲಕಿ, ಕರಗಿ ಬಂದ ಸತುವನ್ನು ಅಳೆಯುವುದು ಪ್ರಯೋಗಾಲಯಗಳ ಕ್ರಮ. ಅದರಲ್ಲಿ 0.6 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ ಎಂದು ಲೆಕ್ಕ. ಎಲೆಯ ಲೆಕ್ಕವೂ ಇದೆ: ತೆಂಡೆ ಒಡೆಯುವ ಹೊತ್ತಿನಲ್ಲಿ ಪೂರ್ತಿ ಬಿಚ್ಚಿದ ಎಳೆಯ ಎಲೆಯಲ್ಲಿ 20 ಪಿಪಿಎಂಗಿಂತ ಕಡಿಮೆ ಸತು ಇದ್ದರೆ ಕೊರತೆ. ಆದರೆ ಸಾಮಾನ್ಯ ರೈತರಿಗೆ ಮಣ್ಣಿನ ಪರೀಕ್ಷೆಯೇ ಕೈಗೆಟಕುವುದು.

ವರದಿ ನೋಡಿ ಯಜಮಾನರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಪೈರಿಗೆ ಬೇಕಾಗುವ ಸತು ಎಷ್ಟು? ಒಂದು ಟನ್ ಭತ್ತ ಬೆಳೆಯಲು ಪೈರು ಎಳೆದುಕೊಳ್ಳುವುದು ಸುಮಾರು 50 ಗ್ರಾಂ. ಎಕರೆಗೆ 25 ಕ್ವಿಂಟಲ್ ಬೆಳೆದರೆ 125 ಗ್ರಾಂ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಹತ್ತಿರಹತ್ತಿರ 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ 0.38 ಪಿಪಿಎಂ ಅಂದರೆ ಸುಮಾರು 340 ಗ್ರಾಂ ಸತು. "ಬೇಕಾಗಿದ್ದಕ್ಕಿಂತ ಎರಡೂವರೆ ಪಟ್ಟು ಐತಲ್ರಿ, ಮತ್ಯಾಕ ಕೊರತಿ?"

340 ಗ್ರಾಂ ಇರುವುದು ನಿಜ, ಆದರೆ ಅದು 9 ಲಕ್ಷ ಕಿಲೋ ಮಣ್ಣಿನಲ್ಲಿ ಚೆದುರಿದೆ. ಎಳೆಯ ಪೈರಿನ ಬೇರು ಮುಟ್ಟುವುದು ಆ ಮಣ್ಣಿನ ತೀರ ಸಣ್ಣ ಪಾಲನ್ನು. ಸತು ಯೂರಿಯಾದಂತೆ ನೀರಿನೊಡನೆ ಓಡಾಡುವುದಿಲ್ಲ, ಇದ್ದಲ್ಲೇ ಇರುತ್ತದೆ. 0.6 ಎಂಬುದು ಉಗ್ರಾಣದಲ್ಲಿರುವ ದಾಸ್ತಾನಿನ ಲೆಕ್ಕವಲ್ಲ. ಅದಕ್ಕಿಂತ ಕೆಳಗಿಳಿದ ನೆಲಗಳಲ್ಲಿ ಜಿಂಕ್ ಕೊಟ್ಟರೆ ಬೆಳೆ ಸ್ಪಂದಿಸುತ್ತದೆ ಎಂಬ ಅನುಭವದ ಗೆರೆ. ಪೈರಿಗೆ 125 ಗ್ರಾಂ ಸಾಕಾದರೂ ನೆಲಕ್ಕೆ 2 ಕಿಲೋ ಸತು ಕೊಡಬೇಕಾಗುವುದು ಇದೇ ಕಾರಣಕ್ಕೆ. ಕೊಟ್ಟದ್ದರಲ್ಲಿ ಬಹುಪಾಲನ್ನು ಜೇಡಿ, ಸುಣ್ಣ ಹಿಡಿದಿಟ್ಟುಕೊಳ್ಳುತ್ತವೆ. ಉಳಿದದ್ದು ಎರಡು ಮೂರು ಬೆಳೆಗೆ ನಿಧಾನವಾಗಿ ಸಿಗುತ್ತದೆ.

ಈಗ ಪ್ರಮಾಣ. ಭತ್ತಕ್ಕೆ ರೂಢಿಯಲ್ಲಿರುವ ಶಿಫಾರಸು ಹೆಕ್ಟೇರಿಗೆ 20ರಿಂದ 25 ಕಿಲೋ, ಅಂದರೆ ಎಕರೆಗೆ 8ರಿಂದ 10 ಕಿಲೋ ಜಿಂಕ್ ಸಲ್ಫೇಟ್. ಆದರೆ ಅಂಗಡಿಯಲ್ಲಿ ಜಿಂಕ್ ಸಲ್ಫೇಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಸರಕು ಸಿಗುತ್ತವೆ. ಸಕ್ಕರೆ ಹರಳಿನಂತಿರುವುದು ಹೆಪ್ಟಾಹೈಡ್ರೇಟ್, ಅದರಲ್ಲಿ ಸತು ಶೇ. 21. ಹೆಚ್ಚಾಗಿ ಪುಡಿಯಾಗಿ ಬರುವುದು ಮೊನೊಹೈಡ್ರೇಟ್, ಅದರಲ್ಲಿ ಶೇ. 33. ಮೇಲಿನ 10 ಕಿಲೋ ಲೆಕ್ಕ ಹೆಪ್ಟಾಹೈಡ್ರೇಟಿನದು. ಚೀಲದ ಮೇಲೆ ಶೇಕಡಾ ಎಷ್ಟೆಂದು ಬರೆದಿರುತ್ತದೆ, ಅದೊಂದನ್ನು ಓದಿದರೆ ಸಾಕು.

10 ಕಿಲೋ ಹೆಪ್ಟಾದಲ್ಲಿ ಸತು 2.1 ಕಿಲೋ. ಅಷ್ಟೇ ಸತು ಮೊನೊದಿಂದ ಬರಬೇಕಾದರೆ 2.1 ಅನ್ನು 33ರಿಂದ ಭಾಗಿಸಿ 100ರಿಂದ ಗುಣಿಸಬೇಕು: 6.36, ಅಂದರೆ ಆರೂವರೆ ಕಿಲೋ. ಮೊನೊವನ್ನೂ 10 ಕಿಲೋ ಹಾಕಿದರೆ ಮೂರೂವರೆ ಕಿಲೋದ ದುಡ್ಡು ನೀರುಪಾಲು. ಸಿಂಪಡಣೆಗೂ ಇದೇ ಲೆಕ್ಕ: 1 ಕಿಲೋ ಹೆಪ್ಟಾದ ಬದಲು ಮೊನೊ 640 ಗ್ರಾಂ, ಒಂದು ಟ್ಯಾಂಕಿಗೆ 80ರ ಬದಲು 50 ಗ್ರಾಂ. ಇದನ್ನು ಮರೆತು ಮೊನೊವನ್ನೇ 80 ಗ್ರಾಂ ಕಲಸಿ ಎಲೆ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಕೆಟ್ಟ ಎಕರೆಗೆ ಬೇಸಿಗೆ ಬೆಳೆಯ ಮುಂಚೆ 10 ಕಿಲೋ ಹೆಪ್ಟಾ ಎಂದು ಗೊತ್ತುಮಾಡಿದೆವು. 0.72 ಇದ್ದ ಎರಡು ಎಕರೆಗೆ ಸದ್ಯ ಏನೂ ಬೇಡ, ಎರಡು ಬೆಳೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದೆ. ಮೂರು ಎಕರೆಗೂ ಹಾಕಿಬಿಡೋಣ ಎಂಬ ಮನಸ್ಸು ಅವರಿಗಿತ್ತು, ತಡೆದೆ. ಗೆರೆಯ ಮೇಲಿರುವ ನೆಲಕ್ಕೆ ಸುರಿದ ಸತುವಿನಿಂದ ಇಳುವರಿ ಏರುವುದಿಲ್ಲ. ಇನ್ನು ಪಿಎಚ್ 8.5 ದಾಟಿ, ಒಣಗಿದಾಗ ನೆಲ ಗಟ್ಟಿ ಹೆಪ್ಪುಗಟ್ಟುವ ಸವಳು ಭೂಮಿಯಾಗಿದ್ದರೆ ಜಿಂಕ್ ಸಲ್ಫೇಟ್ 15 ಕಿಲೋವರೆಗೆ ಬೇಕಾಗುತ್ತದೆ. ಅಲ್ಲಿ ಮೊದಲು ಜಿಪ್ಸಂ ಕೊಟ್ಟು, ನೀರು ಬಸಿದು ಹೋಗುವಂತೆ ಮಾಡದೆ ಬರೀ ಜಿಂಕಿನಿಂದ ನೆಲ ಸುಧಾರಿಸದು.

ಹಾಕುವ ವಿಧಾನದಲ್ಲಿ ದೊಡ್ಡ ತಪ್ಪೊಂದು ನಡೆಯುತ್ತದೆ. ಡಿಎಪಿ ಚೆಲ್ಲುವಾಗ ಜೊತೆಗೇ ಜಿಂಕ್ ಸಲ್ಫೇಟನ್ನೂ ಬೆರೆಸಿಬಿಡುತ್ತಾರೆ. ಅದರಿಂದ ಏನಾಗುತ್ತದೆಂದು ಯಜಮಾನರಿಗೆ ಎರಡು ಗಾಜಿನ ಲೋಟದಲ್ಲಿ ತೋರಿಸಿದೆ. ಒಂದರಲ್ಲಿ ಒಂದು ಚಮಚ ಜಿಂಕ್ ಸಲ್ಫೇಟ್ ಕರಗಿಸಿದೆ, ಇನ್ನೊಂದರಲ್ಲಿ ಒಂದು ಚಮಚ ಡಿಎಪಿ ಕರಗಿಸಿ ತಿಳಿ ತೆಗೆದೆ. ಎರಡನ್ನೂ ಕೂಡಿಸಿದ ಕೂಡಲೇ ತಿಳಿನೀರಿನಲ್ಲಿ ಹಾಲು ಒಡೆದಂತೆ ಬಿಳಿ ಗಸಿ ಕಟ್ಟಿ ತಳಕ್ಕಿಳಿಯಿತು. ಗದ್ದೆಯಲ್ಲೂ ಹೀಗೇ ಜಿಂಕ್ ರಂಜಕದ ಕೈಗೆ ಸಿಕ್ಕಿ ಗಸಿಯಾಗುತ್ತದೆ, ಪೈರಿಗೆ ಎರಡೂ ಸರಿಯಾಗಿ ದಕ್ಕುವುದಿಲ್ಲ.

ಈ ಲೋಟದ ಪರೀಕ್ಷೆಗೆ ಇನ್ನೊಂದು ಉಪಯೋಗವಿದೆ. ಜಿಂಕ್ ಸಲ್ಫೇಟ್ ಹೆಸರಿನಲ್ಲಿ ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಮಾರುವುದುಂಟು; ಎರಡೂ ನೋಡಲು ಒಂದೇ ತೆರ ಬಿಳಿ ಹರಳು. ಡಿಎಪಿ ತಿಳಿ ಬೆರೆಸಿದಾಗ ತಕ್ಷಣ ದಪ್ಪ ಗಸಿ ಕಟ್ಟಿದರೆ ಅದರಲ್ಲಿ ಸತು ಇದೆ. ಕಟ್ಟದಿದ್ದರೆ ಅದು ಜಿಂಕ್ ಸಲ್ಫೇಟ್ ಅಲ್ಲ. ಅರ್ಧಕ್ಕರ್ಧ ಕಲಬೆರಕೆಯಾಗಿದ್ದರೆ ಮಾತ್ರ ಇದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಬಿಲ್ಲು, ಚೀಲ ಎರಡನ್ನೂ ಇಟ್ಟುಕೊಂಡಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಬಹುದು.

ಡಿಎಪಿಯನ್ನು ಕೆಸರು ಮಾಡುವಾಗ ಒಳಗೆ ಸೇರಿಸಿ, ನಾಟಿಗೆ ಮುಂಚೆ ನೆಲ ಮಟ್ಟ ಮಾಡಿದ ಮೇಲೆ 10 ಕಿಲೋ ಜಿಂಕ್ ಸಲ್ಫೇಟನ್ನು 20 ಕಿಲೋ ಒಣ ಮರಳು ಅಥವಾ ಪುಡಿ ಗೊಬ್ಬರದಲ್ಲಿ ಬೆರೆಸಿ ಮೇಲೆ ಸಮನಾಗಿ ಎರಚಬೇಕು. ಆಳಕ್ಕೆ ಹೂಳಬಾರದು. ಮೇಲ್ಪದರದಲ್ಲಿದ್ದರೆ ಎಳೆ ಬೇರಿಗೆ ಬೇಗ ಸಿಗುತ್ತದೆ.

ಹಾಗಾದರೆ ಪ್ರತಿ ಬೆಳೆಗೂ ಬರೀ ಸಿಂಪಡಣೆಯಲ್ಲೇ ಕಾಲ ಕಳೆಯಬಾರದೇಕೆ ಎಂದು ಕೇಳುವವರಿದ್ದಾರೆ. ಒಂದು ಸಲದ ಸಿಂಪಡಣೆಯಲ್ಲಿ ಎಕರೆಗೆ ಸೇರುವುದು 210 ಗ್ರಾಂ ಸತು, ಮಣ್ಣಿಗೆ ಕೊಡುವುದರ ಹತ್ತನೆಯ ಒಂದು ಪಾಲು. ಸರಕಿನ ಖರ್ಚು ಕಡಿಮೆ ನಿಜ. ಆದರೆ ಎರಡು ಮೂರು ಸಲದ ಕೂಲಿ ಕೂಡಿಸಿದರೆ ಉಳಿತಾಯ ಕರಗುತ್ತದೆ, ನೆಲಕ್ಕೆ ಏನೂ ಉಳಿಯುವುದಿಲ್ಲ. ಮುಖ್ಯವಾಗಿ, ಸಿಂಪಡಿಸಲು ಎಲೆ ಇರಬೇಕು. ನಾಟಿಯಾದ ಮೊದಲ ಎರಡು ವಾರ, ಸತು ಅತಿ ಹೆಚ್ಚು ಬೇಕಾದಾಗ, ಪೈರಿನಲ್ಲಿ ದ್ರಾವಣ ಹಿಡಿಯುವಷ್ಟು ಎಲೆಯೇ ಇರುವುದಿಲ್ಲ.

ಇಡಿಟಿಎ ಜಿಂಕ್ ಎಂದು ಸಣ್ಣ ಪೊಟ್ಟಣದಲ್ಲಿ ಸಿಗುವುದೂ ಸಿಂಪಡಣೆಗೆ ಒಳ್ಳೆಯದೇ. ಅದರಲ್ಲಿ ಸತು ಶೇ. 12. ಲೀಟರಿಗೆ 1 ಗ್ರಾಂ ಸಾಕು, ಸುಣ್ಣ ಬೇಡ, ಎಲೆ ಸುಡುವ ಭಯ ಕಡಿಮೆ. ಬೆಲೆ ಮಾತ್ರ ಹೆಚ್ಚು. ಎಕರೆಗೆ 200 ಗ್ರಾಂ ಹಾಕಿದರೆ ಸತು ಹೋಗುವುದು 24 ಗ್ರಾಂ ಎಂಬುದನ್ನು ನೆನಪಿಡಬೇಕು. ತುಕ್ಕು ಜೋರಾಗಿ ಹಬ್ಬಿದ ಗದ್ದೆಗೆ ನಾನು ಸಲ್ಫೇಟ್, ಸುಣ್ಣವನ್ನೇ ನೆಚ್ಚುತ್ತೇನೆ. ನೆಲಕ್ಕೆ ಹಾಕಲು ಆಗದೇ ಹೋದರೆ ನಾಟಿಯ ದಿನ ಸಸಿಯ ಬೇರುಗಳನ್ನು ಶೇ. 2ರ ಜಿಂಕ್ ಆಕ್ಸೈಡ್ ರಾಡಿಯಲ್ಲಿ, ಅಂದರೆ 10 ಲೀಟರ್ ನೀರಿಗೆ 200 ಗ್ರಾಂ ಕದಡಿದ್ದರಲ್ಲಿ ಅದ್ದಿ ನೆಡುವ ಕ್ರಮವೂ ಇದೆ. ಜಿಂಕ್ ಆಕ್ಸೈಡ್ ಕರಗುವುದಿಲ್ಲ, ಆದ್ದರಿಂದ ಆಗಾಗ ಕಲಕುತ್ತಿರಬೇಕು.

ಆ ಮುಂಗಾರಿನಲ್ಲಿ ಕೆಟ್ಟ ಎಕರೆ ಉಳಿದ ಎರಡು ಎಕರೆಯ ಸಮಕ್ಕೆ ಬರಲಿಲ್ಲ. ಕಳೆದುಹೋದ ತೆಂಡೆಗಳು ಕಳೆದೇಹೋದವು, ತೆನೆ ಒಂದು ವಾರ ತಡವಾಗಿ ಬಂತು. ಬೇಸಿಗೆ ನಾಟಿಗೆ ಮುಂಚೆ ಮರಳಿನಲ್ಲಿ ಬೆರೆಸಿದ ಜಿಂಕ್ ಬಿತ್ತು. ಆ ಬೆಳೆಗೆ 20 ದಿನ ತುಂಬಿದಾಗ ಅದೇ ಬದುವಿನ ಕೆಳಗಿಳಿದು ಮತ್ತೊಂದು ಗುಣಿ ಕಿತ್ತು ನೋಡಿದೆವು. ಎಳೆಯ ಎಲೆಯ ಬುಡ ಹಸಿರಾಗಿತ್ತು. ಮಣ್ಣಿನ ವರದಿಯ ಹಿಂದೆ ಯಜಮಾನರು ಪೆನ್ನಿನಲ್ಲಿ ಜಿಂಕ್ ಹಾಕಿದ ತಾರೀಖು ಬರೆದು, ಅದರ ಕೆಳಗೆ ಮುಂದಿನ ಪರೀಕ್ಷೆಯ ತಿಂಗಳನ್ನೂ ಗುರುತು ಹಾಕಿಕೊಂಡಿದ್ದರು.